ಮೈಕ್ರೋವೇವ್‌ನಲ್ಲಿ ಯಾವ ಪಾತ್ರೆ ಸುರಕ್ಷಿತ?

ಪ್ರಶ್ನೆ: ಸ್ಟೀಲ್, ಗಾಜು, ಪ್ಲಾಸ್ಟಿಕ್, ಪಿಂಗಾಣಿಗಳಲ್ಲಿ ಯಾವುದನ್ನು ಮೈಕ್ರೋವೇವ್‌ನಲ್ಲಿ ಇಡಬಹುದು? ಚಿನ್ನದ ಅಂಚಿನ ಬಟ್ಟಲಿನಿಂದ ಕಿಡಿ ಹಾರಿದ್ದೇಕೆ?

ಉತ್ತರ: ಒಲೆಯೊಳಗಿನ ಅಲೆಗಳು ಲೋಹದಲ್ಲಿರುವ ಎಲೆಕ್ಟ್ರಾನುಗಳನ್ನು ಅತ್ತಿತ್ತ ಓಡಿಸುತ್ತವೆ. ಚೂಪಾದ ತುದಿ ಅಥವಾ ತೆಳುವಾದ ಅಂಚಿನಲ್ಲಿ ವಿದ್ಯುದಾವೇಶ ಒತ್ತೊತ್ತಾಗಿ ಸೇರಿ, ಅಲ್ಲಿನ ವಿದ್ಯುತ್ ಕ್ಷೇತ್ರವು ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್ ಮೀರಿದಾಗ ಗಾಳಿಯೇ ವಿದ್ಯುತ್ತನ್ನು ಹರಿಯಗೊಟ್ಟು ಕಿಡಿ ಕಾಣಿಸುತ್ತದೆ. ಬಟ್ಟಲಿನ ಚಿನ್ನದ ಗೆರೆಯು ಅತಿ ತೆಳುವಾದ ಲೋಹದ ಪದರ. ಅದು ಸವೆದು ತುಂಡಾದ ಕಡೆಗಳಲ್ಲಿ ಕಿಡಿ ಬಿರುಕನ್ನು ದಾಟಿ ಹಾರುತ್ತದೆ, ಅಂಚು ಕಪ್ಪಾಗುತ್ತದೆ.

ನುಣುಪಾದ ಸ್ಟೀಲ್ ಬಟ್ಟಲಿನಿಂದ ಕಿಡಿ ಬಾರದೆಯೂ ಇರಬಹುದು, ಆದರೆ ಅದು ಅಲೆಗಳನ್ನು ಹಿಂದಕ್ಕೆ ತಳ್ಳುವುದರಿಂದ ಆಹಾರ ಸರಿಯಾಗಿ ಬಿಸಿಯಾಗುವುದಿಲ್ಲ. ಒಲೆಯ ಗೋಡೆಗೆ ತಾಗುವಷ್ಟು ಹತ್ತಿರವಾದರೆ ಕಿಡಿಯೂ ಬರುತ್ತದೆ. ಆದ್ದರಿಂದ ಅದನ್ನು ಇಡದಿರುವುದೇ ಸರಿ.

ಬಿಸಿಗೆ ಸುಲಭವಾಗಿ ಒಡೆಯದ ಬೋರೋಸಿಲಿಕೇಟ್ ಗಾಜು ಎಲ್ಲಕ್ಕಿಂತ ನೆಮ್ಮದಿಯ ಆಯ್ಕೆ. ಪ್ಲಾಸ್ಟಿಕ್ಕಿನಲ್ಲಿ ಮೈಕ್ರೋವೇವ್ ಗುರುತು ಇರುವುದನ್ನಷ್ಟೇ ಬಳಸಿ. ಆಗಲೂ ಎಣ್ಣೆ ತೇಲುವ ಸಾಗು, ಗೊಜ್ಜುಗಳನ್ನು ಗಾಜಿಗೆ ಬಗ್ಗಿಸಿಕೊಳ್ಳಿ, ಏಕೆಂದರೆ ಎಣ್ಣೆಯು 100 ಡಿಗ್ರಿ ಸೆಲ್ಸಿಯಸ್ ದಾಟಿ ಕಾದು ಡಬ್ಬಿಯನ್ನು ಮೆತ್ತಗಾಗಿಸಬಲ್ಲದು.

ಲೋಹದ ಅಲಂಕಾರವಿಲ್ಲದ ಪಿಂಗಾಣಿಯನ್ನು ಹೀಗೆ ಪರೀಕ್ಷಿಸಿ: ಖಾಲಿ ಬಟ್ಟಲಿನ ಪಕ್ಕದಲ್ಲಿ ಗಾಜಿನ ಲೋಟದ ತುಂಬ ನೀರಿಟ್ಟು ಒಂದು ನಿಮಿಷ ಚಾಲೂ ಮಾಡಿ. ನೀರು ಬಿಸಿಯಾಗಿ ಬಟ್ಟಲು ತಣ್ಣಗಿದ್ದರೆ ಬಳಸಬಹುದು. ಬಟ್ಟಲೇ ಸುಡುತ್ತಿದ್ದರೆ ಅದು ಅಲೆಗಳನ್ನು ಹೀರುತ್ತಿದೆ, ಬೇಡ.