ದೋಷ ಸಿದ್ಧಾಂತ: ‘ತಪ್ಪಲ್ಲ’ ಎಂದರೆ ‘ಮಾಡಬಹುದು’ ಎಂದೇ?

ಪ್ರಶ್ನೆ: ನಮ್ಮ ನೈತಿಕ ಹೇಳಿಕೆಗಳು ಸುಳ್ಳು ಎನ್ನುತ್ತದೆ ದೋಷ ಸಿದ್ಧಾಂತ. ಅದರಂತೆ ‘ಕದಿಯುವುದು ತಪ್ಪು’ ಎಂಬುದು ಸುಳ್ಳಾದರೆ ‘ಕದಿಯುವುದು ತಪ್ಪಲ್ಲ’ ಎಂಬುದು ನಿಜವಾಗಬೇಕಲ್ಲವೇ?

ಉತ್ತರ: ಹೌದು, ಆದರೆ ಅದರಿಂದ ಕಳ್ಳತನಕ್ಕೆ ಒಪ್ಪಿಗೆ ಸಿಕ್ಕಂತಾಗುವುದಿಲ್ಲ. 1977ರಲ್ಲಿ ಈ ಸಿದ್ಧಾಂತವನ್ನು ವಿಸ್ತಾರವಾಗಿ ಮಂಡಿಸಿದ ತತ್ತ್ವಜ್ಞಾನಿ ಜೆ. ಎಲ್. ಮ್ಯಾಕಿಯವರ ಪ್ರಕಾರ, ‘ಕದಿಯುವುದು ತಪ್ಪು’ ಎನ್ನುವವರು ತಮ್ಮ ಅಸಮಾಧಾನವನ್ನಷ್ಟೇ ತೋಡಿಕೊಳ್ಳುತ್ತಿಲ್ಲ; ಯಾರ ಇಷ್ಟಾನಿಷ್ಟಗಳಿಗೂ ಒಳಪಡದೆ ಎಲ್ಲರಿಗೂ ಅನ್ವಯಿಸುವ ಗುಣವೊಂದು ಆ ಕೃತ್ಯದಲ್ಲಿದೆಯೆಂದು ಪ್ರತಿಪಾದಿಸುತ್ತಿದ್ದಾರೆ. ಅಂಥ ಗುಣವೇ ಜಗತ್ತಿನಲ್ಲಿಲ್ಲವಾದ್ದರಿಂದ ಹೇಳಿಕೆ ಸುಳ್ಳು. ‘ತಪ್ಪಲ್ಲ’ ಎಂಬುದು ಆ ಗುಣ ಇಲ್ಲವೆಂದಷ್ಟೇ ಹೇಳುವುದರಿಂದ ನಿಜ; ಆದರೆ ‘ಕದಿಯಬಹುದು’ ಎಂಬ ಮಾತು ನೈತಿಕ ಸಮ್ಮತಿಯೆಂಬ ಇನ್ನೊಂದು ಗುಣವನ್ನು ಆರೋಪಿಸುವುದಾದರೆ ಅದೂ ಸುಳ್ಳೇ. ಆದ್ದರಿಂದ ‘ಎಲ್ಲ ನೈತಿಕ ಹೇಳಿಕೆಗಳೂ ಸುಳ್ಳು’ ಎಂಬ ಪ್ರಚಲಿತ ನಿರೂಪಣೆ ನನ್ನ ದೃಷ್ಟಿಯಲ್ಲಿ ತುಸು ಸಡಿಲವೇ. ಸುಳ್ಳಾಗುವುದು ನೈತಿಕ ಗುಣವನ್ನು ಆರೋಪಿಸುವ ಹೇಳಿಕೆಗಳು ಮಾತ್ರ. ಈ ತೊಡಕಿನಿಂದ ಪಾರಾಗಲು ಕೆಲವರು, ಅವು ನಿಜವೂ ಅಲ್ಲ, ಸುಳ್ಳೂ ಅಲ್ಲ ಎನ್ನುತ್ತಾರೆ.