ರೀಫಂಡ್ ರಿಕ್ವೆಸ್ಟ್‌ಗೆ ಪಿನ್ ಹಾಕಬೇಕಾ?

"ವಾಪಸ್ ಕಳಿಸಿದ ಕುರ್ತಾದ ರೀಫಂಡ್ ₹1,850 ಅಂತ ಆ್ಯಪ್‌ನಲ್ಲಿ ರಿಕ್ವೆಸ್ಟ್ ಬಂದಿದೆ. ಅಪ್ರೂವ್ ಮಾಡಿ ಪಿನ್ ಹಾಕಿದ್ರೆ ದುಡ್ಡು ಬರುತ್ತಾ?"

ಬರಲ್ಲ, ನಿಮ್ಮ ಖಾತೆಯಿಂದಲೇ ಹೋಗುತ್ತೆ. ದಯವಿಟ್ಟು ಪಿನ್ ಹಾಕಬೇಡಿ. ಅದು ದುಡ್ಡು ಕೇಳುವ ಕಲೆಕ್ಟ್ ರಿಕ್ವೆಸ್ಟ್. ಅದರಲ್ಲಿ ಕಾಣುವ "ರೀಫಂಡ್" ಅನ್ನೋ ಪದ ಬ್ಯಾಂಕಿನದಲ್ಲ, ಕಳಿಸಿದವನು ಟಿಪ್ಪಣಿ ಜಾಗದಲ್ಲಿ ಟೈಪ್ ಮಾಡಿದ್ದು. ಅಲ್ಲಿ ಏನು ಬೇಕಾದರೂ ಬರೆಯಬಹುದು. ಆದರೆ ಬಟನ್ ಮೇಲೆ ಇರೋದು Pay. ಪಿನ್ ಕೇಳುವ ಪುಟದ ಮೇಲ್ಭಾಗದಲ್ಲೂ ಯಾರಿಗೆ, ಎಷ್ಟು ಹೋಗುತ್ತೆ ಅಂತ ಇರುತ್ತೆ, ನೋಡಿ.

ಯುಪಿಐನಲ್ಲಿ ದುಡ್ಡು ಪಡೆಯೋಕೆ ಪಿನ್ ಬೇಕಾಗೋದೇ ಇಲ್ಲ. ಅಂಗಡಿಯವರ ನಿಜವಾದ ರೀಫಂಡ್ ನೀವು ಪಾವತಿ ಮಾಡಿದ ಖಾತೆಗೆ ತಾನಾಗೇ ಬಂದು ಬೀಳುತ್ತೆ, ನಿಮ್ಮ ಒಪ್ಪಿಗೆ ಕೇಳಲ್ಲ.

ಇಬ್ಬರು ವ್ಯಕ್ತಿಗಳ ನಡುವಿನ ಕಲೆಕ್ಟ್ ರಿಕ್ವೆಸ್ಟನ್ನು ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ಆ ನಿಯಮ ವ್ಯಾಪಾರಿ ಖಾತೆಗಳಿಗೆ ಅನ್ವಯಿಸಲಿಲ್ಲ, ಹಾಗಾಗಿ ಅಂಗಡಿಯಂಥ ಹೆಸರು ಕಂಡರೂ ನಂಬಬೇಡಿ.

ಈಗ Decline ಒತ್ತಿ, ಕಳಿಸಿದವರನ್ನು ಬ್ಲಾಕ್ ಮಾಡಿ. ರೀಫಂಡ್ ಸ್ಥಿತಿಯನ್ನು ಕುರ್ತಾ ಕೊಂಡ ಆ್ಯಪ್‌ನ ಆರ್ಡರ್ ಪುಟದಲ್ಲೇ ನೋಡಿ. ಅಕಸ್ಮಾತ್ ಪಿನ್ ಹಾಕಿಬಿಟ್ಟಿದ್ದರೆ ಈ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ದುಡ್ಡು ಅವನ ಖಾತೆ ದಾಟುವ ಮೊದಲು ತಡೆಹಿಡಿಸೋಕೆ ಸಾಧ್ಯ.