ಬೋಳಿಮಗನನ್ನು ಇಂಗ್ಲಿಷಿಗೆ ಕಳಿಸುವ ಮುನ್ನ

ಪ್ರಶ್ನೆ: ಹಳ್ಳಿಯ ಕಾದಂಬರಿಯೊಂದನ್ನು ಇಂಗ್ಲಿಷಿಗೆ ಅನುವಾದ ಮಾಡಿ ಮುಗಿಸಿದ್ದೇನೆ. ಬಯ್ಗುಳಗಳನ್ನು ಏನು ಮಾಡಿದ್ದೀರಿ ಅಂತ ಒಂದು ಟಿಪ್ಪಣಿ ಬರೆದು ಹಸ್ತಪ್ರತಿ ಜೊತೆ ಕಳಿಸಿ ಎಂದಿದ್ದಾರೆ ಪ್ರಕಾಶಕರು. ಏನು ಬರೆಯಲಿ? ಎಲ್ಲದಕ್ಕೂ ಅಡಿಟಿಪ್ಪಣಿ ಹಾಕಿಬಿಡಲಾ?

ಬೇಡ. ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಪ್ರತಿ ಸಲವೂ ಜೊತೆಗೊಂದು ಪಟ್ಟಿ ಇರುತ್ತದೆ. ಎಡಗಡೆ ಕನ್ನಡದ ಬಯ್ಗುಳ, ಬಲಗಡೆ ಇಂಗ್ಲಿಷಿನದು. ಯಾವುದೋ ಕಮ್ಮಟದಲ್ಲಿ ಹೀಗೆ ಹೇಳಿಕೊಡುತ್ತಾರಂತೆ. ಹೇಳಿಕೊಟ್ಟವರು ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ಕಿವಿ ತೆರೆದು ಕೂತು ಬರಲಿ.

ನಾನೇ ಕೆಡಿಸಿ, ಆಮೇಲೆ ಸರಿಮಾಡಿದ ಒಂದು ಕೆಲಸ ಹೇಳುತ್ತೇನೆ. ಮಂಡ್ಯ ಕಡೆಯ ಹಳ್ಳಿಯ ಕಾದಂಬರಿ. ಅದರಲ್ಲಿ 'ಬೋಳಿಮಗ' 31 ಸಲ ಬರುತ್ತದೆ. ಗದ್ದೆ ಬಯಲಿನಲ್ಲಿ ಎಲ್ಲರೂ ಎಲ್ಲರಿಗೂ ಅದನ್ನು ಅನ್ನುತ್ತಾರೆ. 'ಯಾಕ್ಲಾ ಬೋಳಿಮಗನೆ, ಉಂಡ್ಯಾ?' ಅನ್ನುವುದು ಅಲ್ಲಿ ಪ್ರೀತಿಯ ಮಾತು. ಜಗಳ ಬಂದಾಗ ಅದೇ ಮಾತು ಬೈಗುಳ. ಆದರೆ ಮೂರು ಕಡೆ ಅದು ಅಗ್ರಹಾರದ ಒಬ್ಬ ಹುಡುಗನಿಗೆ ಬೀಳುತ್ತದೆ. ಅವನ ತಾಯಿ ನಿಜವಾಗಿಯೂ ತಲೆ ಬೋಳಿಸಿಕೊಂಡ ವಿಧವೆ.

ಮೊದಲ ಕರಡಿನಲ್ಲಿ ನಾನು ಜಾಣನಾಗಲು ಹೋದೆ. 28 ಕಡೆ 'ಬಾಸ್ಟರ್ಡ್', ಆ ಮೂರು ಕಡೆ 'ವಿಧವೆಯ ಮಗ' ಅನ್ನುವ ಅರ್ಥದ ಇಂಗ್ಲಿಷ್ ಮಾತು ಹಾಕಿದೆ. ಒಂದೊಂದೇ ವಾಕ್ಯ ನೋಡಿದರೆ ಸರಿಯಾಗಿಯೇ ಇತ್ತು. ಕನ್ನಡ ಬಾರದ ಕಾಪಿ ಎಡಿಟರ್ ಅಂಚಿನಲ್ಲಿ ಒಂದು ಪ್ರಶ್ನೆ ಬರೆದರು: 'ವಿಧವೆಯ ಮಗ ಅಂದರೆ ಅವನು ವಿಧವೆಯ ಮಗನೇ ಅಲ್ವಾ? ಅದಕ್ಕೆ ಹುಡುಗ ಯಾಕೆ ಅಳುತ್ತಾನೆ?' ಅವರು ಕೇಳಿದ್ದು ನ್ಯಾಯವೇ. ಊರೆಲ್ಲ ಬಾಯಿಗೆ ಬಂದ ಹಾಗೆ ಆಡುವ ಮಾತು ಅವನೊಬ್ಬನಿಗೆ ಮಾತ್ರ ಅಕ್ಷರಶಃ ನಿಜ, ಅದಕ್ಕೇ ಅವನು ಅಳುತ್ತಾನೆ. ಮಾತನ್ನು ಎರಡಾಗಿ ಒಡೆದು ಆ ಏಟನ್ನು ನಾನೇ ತಪ್ಪಿಸಿದ್ದೆ.

ಎರಡನೇ ಕರಡಿನಲ್ಲಿ 31 ಕಡೆಯೂ 'ಬೋಳಿಮಗ'ನನ್ನೇ ಉಳಿಸಿಕೊಂಡೆ. ರೋಮನ್ ಅಕ್ಷರದಲ್ಲಿ ಬರೆದೆ, ಓರೆ ಅಕ್ಷರ ಮಾಡಲಿಲ್ಲ, ಅಡಿಟಿಪ್ಪಣಿಯನ್ನೂ ಕೊಡಲಿಲ್ಲ. ಹಿತ್ತಿಲಲ್ಲಿ ಆ ತಾಯಿಯ ತಲೆ ಬೋಳಿಸುವ ದೃಶ್ಯ ಮೂಲದಲ್ಲೇ ಇದೆ. ಅಲ್ಲಿ 'ಬೋಳಿ' ಅನ್ನುವ ಮಾತು ಬಂದಾಗ ಅದರ ಇಂಗ್ಲಿಷ್ ಅರ್ಥವನ್ನು ವಾಕ್ಯದೊಳಗೇ ಸೇರಿಸಿದೆ. ಅಷ್ಟು ಹೊತ್ತಿಗೆ ಓದುಗ ಆ ಬಯ್ಗುಳವನ್ನು ಹತ್ತಾರು ಸಲ ಕೇಳಿ, ನಕ್ಕು, ಮರೆತಿರುತ್ತಾನೆ. ಈಗ ಅವನಿಗೂ ಚುರುಕ್ ಅನ್ನುತ್ತದೆ.

ಪ್ರಕಾಶಕರಿಗೆ ಬರೆದ ಟಿಪ್ಪಣಿಯಲ್ಲಿ ಇದಕ್ಕೆ ಕೊಟ್ಟದ್ದು ಒಂದೇ ಪ್ಯಾರಾ: ಎಷ್ಟು ಸಲ ಬರುತ್ತದೆ, ಯಾರು ಯಾರಿಗೆ ಅನ್ನುತ್ತಾರೆ, ಅರ್ಥ ಎಲ್ಲಿ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಒಂದು ಸಾಲು ಸೇರಿಸಿದೆ, 'ಪುಸ್ತಕದ ಹಿಂದೆ ಪದಕೋಶ ಹಾಕುವುದಾದರೆ ಈ ಮಾತನ್ನು ಅದರಲ್ಲಿ ಸೇರಿಸಬೇಡಿ' ಅಂತ. ಮೂರನೇ ಪುಟದಲ್ಲೇ ಓದುಗ ಹಿಂದಕ್ಕೆ ಹೋಗಿ ಅರ್ಥ ನೋಡಿಬಿಟ್ಟರೆ ಮುಗಿಯಿತು. ಇಂಥ ಸಾಲುಗಳಿಗಾಗಿಯೇ ಆ ಟಿಪ್ಪಣಿ ಇರುವುದು. ಪ್ರಕಾಶಕರು ಅದನ್ನು ಒಮ್ಮೆ ಕಣ್ಣಾಡಿಸುತ್ತಾರೆ, ಅಷ್ಟೇ. ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡುವವರು ಕಾಪಿ ಎಡಿಟರ್.

ಮೆದು ಮಾಡಿದ್ದು 'ಮುಂಡೇದು'. ಇದೂ ವಿಧವೆಯಿಂದಲೇ ಬಂದ ಮಾತು. 'ಮುಂಡೆ' ಅಂದರೂ ತಲೆ ಬೋಳಿಸಿದವಳೇ ತಾನೇ. ಆದರೆ ಅಜ್ಜಿ ಮೊಮ್ಮಗನ ಜ್ವರದ ಹಣೆ ಮುಟ್ಟಿ 'ಪಾಪ, ಮುಂಡೇದು' ಅನ್ನುವಾಗ ಅದರಲ್ಲಿ ವಿಧವೆಯೂ ಇಲ್ಲ, ಬಯ್ಗುಳವೂ ಇಲ್ಲ, ಬರೀ ಕರುಳಿದೆ. ಅಲ್ಲಿ 'ಪೂರ್ ಥಿಂಗ್' ಅಂತ ಬರೆದೆ. ಬೇರು ಹಿಡಿದು ಅನುವಾದ ಮಾಡಿದ್ದರೆ ಅಜ್ಜಿ ರಾಕ್ಷಸಿ ಆಗುತ್ತಿದ್ದಳು. ಟಿಪ್ಪಣಿಯಲ್ಲಿ ಮುಚ್ಚುಮರೆ ಇಲ್ಲದೆ ಹೇಳಿದೆ: ಇಲ್ಲಿ ಒಂದು ಪದರ ಹೋಗುತ್ತದೆ, ಗೊತ್ತಿದ್ದೇ ಬಿಟ್ಟಿದ್ದೇನೆ. ಹೋದದ್ದನ್ನು ಹೋಯಿತು ಅಂತ ಒಪ್ಪಿಕೊಳ್ಳದ ಟಿಪ್ಪಣಿಯನ್ನು ಯಾವ ಸಂಪಾದಕರೂ ನಂಬುವುದಿಲ್ಲ.

ಅಡಿಟಿಪ್ಪಣಿ ಇಡೀ ಪುಸ್ತಕದಲ್ಲಿ ಒಂದೇ, ಅದೂ 'ಬೇವರ್ಸಿ'ಗೆ. ಬೇರೆ ಕಡೆಯೆಲ್ಲ ಅದು ಕೆಲಸಕ್ಕೆ ಬಾರದವನು ಅನ್ನುವ ಅರ್ಥದಲ್ಲಿ ಬರುತ್ತದೆ. ಅಲ್ಲಿ ಇಂಗ್ಲಿಷಿನ ಸಾಮಾನ್ಯ ಮಾತು ಸಾಕಾಯಿತು. ಆದರೆ ಜಮೀನಿನ ಪಂಚಾಯಿತಿ ನಡೆಯುವಾಗ ಮಕ್ಕಳಿಲ್ಲದ ಒಬ್ಬ ರೈತನಿಗೆ ದಾಯಾದಿ 'ಥೂ ಬೇವರ್ಸಿ' ಅನ್ನುತ್ತಾನೆ. ಆ ಮಾತು ಮೂಲದಲ್ಲಿ 'ವಾರಸುದಾರ ಇಲ್ಲದವನು' ಅನ್ನುವುದೇ. ಉರ್ದು-ಫಾರಸಿಯ ದಾರಿಯಲ್ಲಿ ಬಂದದ್ದು. ಬಯ್ಗುಳವೂ ಹೌದು, ಆಸ್ತಿಯ ಮೇಲೆ ಹಾಕಿದ ಹಕ್ಕೂ ಹೌದು. ಎರಡನ್ನೂ ಹೊರುವ ಒಂದು ಮಾತು ನನಗೆ ಇಂಗ್ಲಿಷಿನಲ್ಲಿ ಸಿಗಲಿಲ್ಲ. ವಾಕ್ಯದೊಳಗೆ ವಿವರಿಸಲು ಹೋದರೆ ಜಗಳದ ಬಿಸಿ ಆರುತ್ತಿತ್ತು. ಅದಕ್ಕೇ ಕೆಳಗೆ ಎರಡು ಸಾಲು ಹಾಕಿದೆ.

ಅನುವಾದ ಮಾಡುತ್ತಲೇ ಒಂದು ನೋಟ್‌ಬುಕ್ಕಿನಲ್ಲಿ ಪುಟ, ಮಾತು, ಆಡಿದವರು, ಆಡಿಸಿಕೊಂಡವರು, ಆಮೇಲೆ ಏನಾಯಿತು ಅಂತ ಬರೆದಿಟ್ಟುಕೊಳ್ಳಿ. ಕೊನೆಯದೇ ಮುಖ್ಯ. ಬೈಸಿಕೊಂಡವನು ನಕ್ಕನೋ, ಕಲ್ಲು ಎತ್ತಿಕೊಂಡನೋ ಅನ್ನುವುದರಿಂದ ಮಾತಿನ ಖಾರ ತಿಳಿಯುತ್ತದೆ. ನಿಘಂಟಿನಿಂದ ತಿಳಿಯುವುದಿಲ್ಲ. ಟಿಪ್ಪಣಿ ಒಂದೂವರೆ ಪುಟ ಮೀರಬಾರದು. ಪೂರ್ತಿ ಪಟ್ಟಿಯನ್ನು ಬೇಕಾದರೆ ಬೇರೆಯಾಗಿ ಲಗತ್ತಿಸಿ. ತೀರ್ಮಾನ ಆಗದ ಜಾಗಗಳನ್ನೂ ಹೇಳಿಬಿಡಿ. ನನ್ನದರಲ್ಲಿ ಅಂಥವು ಎರಡು ಇದ್ದವು.

ಮೆದು ಮಾಡಿದ ಜಾಗಗಳಿಗೆ ಮೂಲ ಲೇಖಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಹಕ್ಕುಸ್ವಾಮ್ಯ ಮಾರಿದ ಮೇಲೂ, ತಮ್ಮ ಹೆಸರಿಗೆ ಕುಂದು ತರುವಂತೆ ಕೃತಿಯನ್ನು ತಿರುಚಿದರೆ ಪ್ರಶ್ನಿಸುವ ಹಕ್ಕು ಲೇಖಕರಿಗೆ ಇರುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಕಲಂ ಅದನ್ನೇ ಹೇಳುತ್ತದೆ. ನಾನು ಈ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ಹೆದರುವವನು, ಇರಲಿ.

ಪ್ರಶ್ನೆ: ಗೌಡನೊಬ್ಬ ಜಾತಿ ಹಿಡಿದು ಬೈಯುವ ಮಾತಿದೆ. ನಕ್ಷತ್ರ ಚಿಹ್ನೆ ಹಾಕಿದರೆ ಸುರಕ್ಷಿತ ಅಲ್ವಾ?

ನಕ್ಷತ್ರ ಹಾಕಿದರೆ ಗೌಡ ಸಭ್ಯಸ್ಥ ಆಗುತ್ತಾನೆ. ಅವನ ಬಾಯಲ್ಲಿ ಮಾತು ಹಾಗೇ ಇರಲಿ, ಆದರೆ ನಿರೂಪಕನ ವಾಕ್ಯಕ್ಕೆ ನುಸುಳದ ಹಾಗೆ ನೋಡಿಕೊಳ್ಳಿ. ಪ್ರಕಾಶಕರ ವಕೀಲರು ಕೇಳುವ ಮುಂಚೆಯೇ ಪುಟಸಂಖ್ಯೆ, ಸಂದರ್ಭ ಎರಡನ್ನೂ ಟಿಪ್ಪಣಿಯಲ್ಲಿ ಕೊಡಿ.

ಪ್ರಶ್ನೆ: ಇಷ್ಟೊಂದು ಹೊಲಸು ಮಾತು ಅಚ್ಚಾದರೆ ಅಶ್ಲೀಲ ಅಂತ ಕೇಸು ಬೀಳುವುದಿಲ್ಲವೇ?

ಕೇಸು ಯಾರು ಬೇಕಾದರೂ ಹಾಕಬಹುದು. ಸಮರೇಶ್ ಬಸು ಅವರ 'ಪ್ರಜಾಪತಿ' ಎಂಬ ಬಂಗಾಳಿ ಕಾದಂಬರಿಯ ಮೇಲೂ ಹಾಕಿದ್ದರು. ಒರಟು ಮಾತು ಇದ್ದ ಮಾತ್ರಕ್ಕೆ ಅಶ್ಲೀಲ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಆ ಪ್ರಕರಣದಲ್ಲಿ 1985ರಲ್ಲೇ ಹೇಳಿದೆ. ಅದಕ್ಕಿಂತ ಹೆಚ್ಚಿನದನ್ನು ವಕೀಲರ ಹತ್ತಿರ ಕೇಳಿ.

ಪ್ರಶ್ನೆ: ನಮ್ಮ ಬಯ್ಗುಳಗಳಿಗೆಲ್ಲ ಇಂಗ್ಲಿಷಿನ ಎಫ್ ಅಕ್ಷರದ ಪದ ಹಾಕಿದರೆ ಯುವ ಓದುಗರಿಗೆ ಹಿಡಿಸುತ್ತದಂತೆ, ನಿಜವೇ?

ಸುಳ್ಳು. ಮಂಡ್ಯದ ಗದ್ದೆಯಲ್ಲಿ ಲಂಡನ್ನಿನ ಪಬ್ಬು ತೆರೆದ ಹಾಗಾಗುತ್ತದೆ.

ಪ್ರಶ್ನೆ: ಇಂಥ ಮಾತುಗಳನ್ನು ನಾನು ಬರೆದದ್ದು ನಮ್ಮತ್ತೆಯವರ ಕಣ್ಣಿಗೆ ಬಿದ್ದರೆ ಅಂತ ಭಯ. ಏನು ಮಾಡಲಿ?

ಅಡುಗೆ ಪುಸ್ತಕ ಅನುವಾದ ಮಾಡಿ.